ಒಟ್ಟು ಮೊತ್ತ ಬಿಡಿ, ಸಾಲು ನೋಡಿ: ಕಿಲೋ ಕ್ವಿಂಟಲ್ ಆಗಿದ್ದು ತಿಳಿಯುವ ಬಗೆ

ಡ್ಯಾಶ್‌ಬೋರ್ಡ್ ರಿಫ್ರೆಶ್ ಮುಗಿಯಿತು ಎಂಬ ಹಸಿರು ಗುರುತು ನೋಡಿ ನೆಮ್ಮದಿಯಾಗಿ ಚಹಾ ಕುಡಿಯಲು ಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆ ಗುರುತು ಹೇಳುವುದು ಇಷ್ಟೇ: ಫೈಲ್ ಬಂತು, ತೆರೆಯಿತು, ಕಾಲಂಗಳೆಲ್ಲ ಇದ್ದವು, ಸಂಖ್ಯೆ ಇರಬೇಕಾದ ಕಡೆ ಸಂಖ್ಯೆಯೇ ಇತ್ತು. ದಿನಾ 1,800 ಬರುತ್ತಿದ್ದ ಜಾಗದಲ್ಲಿ 16.5 ಬಂದರೂ ಅದು ಸಂಖ್ಯೆಯೇ ಅಲ್ವಾ? ಹಾಗಾಗಿ ಗುರುತು ಹಸಿರಾಗಿಯೇ ಇರುತ್ತದೆ.

ಮುಂಬೈಯಲ್ಲಿ ನನ್ನ ಗಿರಾಕಿಗಳಲ್ಲಿ ನಮ್ಮ ಕರಾವಳಿಯ ಹೋಟೆಲಿನವರು ಜಾಸ್ತಿ. ಲೆಕ್ಕದಲ್ಲಿ ಗಟ್ಟಿಗರು. ಗಲ್ಲಾಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಹೆಚ್ಚುಕಡಿಮೆಯಾದರೂ ರಾತ್ರಿ ನಿದ್ದೆ ಮಾಡದವರು. ಅಂಥವರೇ ಒಂದು ವಿಷಯದಲ್ಲಿ ಮತ್ತೆ ಮತ್ತೆ ಎಡವುತ್ತಾರೆ. "ಒಟ್ಟು ಮೊತ್ತ ತುಂಬಾ ಏರುಪೇರಾದರೆ ಅಲಾರಂ ಬರಲಿ, ಸಾಕು" ಎನ್ನುತ್ತಾರೆ. ಸಾಕಾಗುವುದಿಲ್ಲ. ಯಾಕೆ ಎಂದು ಒಂದು ಪ್ರಕರಣ ಹಿಡಿದು ವಿವರವಾಗಿ ಹೇಳುತ್ತೇನೆ.

ಮಾಟುಂಗಾ, ಚೆಂಬೂರು, ಅಂಧೇರಿ ಕಡೆ ಶಾಖೆಗಳಿರುವ ಒಂದು ಹೋಟೆಲ್. ಸಾಮಾನೆಲ್ಲ ವಾಶಿಯ ಮಾರ್ಕೆಟ್‌ನಿಂದ ತುರ್ಭೆಯ ಗೋಡೌನಿಗೆ ಬಂದು, ಅಲ್ಲಿಂದ ಶಾಖೆಗಳಿಗೆ ಹೋಗುತ್ತದೆ. ಅಕ್ಕಿ-ಬೇಳೆಗೆ ಒಬ್ಬರು, ಮಸಾಲೆಗೆ ಒಬ್ಬರು, ನೀರುಳ್ಳಿ-ಬಟಾಟೆ-ಬೆಳ್ಳುಳ್ಳಿಗೆ ಒಬ್ಬರು, ಹೀಗೆ ಮೂವರು ವ್ಯಾಪಾರಿಗಳು. ರಾತ್ರಿ ಮೂವರೂ ಒಂದೊಂದು ಫೈಲ್ ಕಳಿಸುತ್ತಾರೆ. ಬೆಳಗಿನ ಜಾವ ಡ್ಯಾಶ್‌ಬೋರ್ಡ್ ತಾನಾಗಿ ರಿಫ್ರೆಶ್ ಆಗುತ್ತದೆ. ಫೈಲಿನಲ್ಲಿ ಸಾಮಾನಿನ ಹೆಸರು, ಎಷ್ಟು ಗೋಣಿ, ತೂಕ, ದರ, ಬಿಲ್ ಮೊತ್ತ ಇರುತ್ತವೆ.

ಶ್ರಾವಣದಲ್ಲಿ ನೀರುಳ್ಳಿ ವ್ಯಾಪಾರಿಯ ಅಂಗಡಿಯವರು ಬಿಲ್ಲಿಂಗ್ ಸಾಫ್ಟ್‌ವೇರ್ ಬದಲಿಸಿದರು. ಅಂದಿನಿಂದ ತೂಕ ಕ್ವಿಂಟಲ್‌ನಲ್ಲಿ, ದರವೂ ಕ್ವಿಂಟಲ್‌ಗೆ. ಕಾಲಂ ಹೆಸರು ಮಾತ್ರ ಹಳೆಯದೇ, `Qty`. ಮೊದಲು ದಿನಕ್ಕೆ ನೀರುಳ್ಳಿ 1,800, ಬಟಾಟೆ 2,000, ಬೆಳ್ಳುಳ್ಳಿ 150 ಕಿಲೋ ಬರುತ್ತಿತ್ತು. ಅಂದು ಬಂದದ್ದು 16.5, 21, 1.2.

ಈಗ ಒಟ್ಟು ಮೊತ್ತ ನೋಡಿ. ಅಕ್ಕಿ-ಬೇಳೆ 6,200 ಕಿಲೋ, ಮಸಾಲೆ 250 ಕಿಲೋ. ಅವು ಎಂದಿನಂತೆಯೇ ಇವೆ. ಮೊದಲು ಎಲ್ಲ ಸೇರಿ 10,400 ಆಗುತ್ತಿತ್ತು. ಅಂದು 6,489 ಆಯಿತು. ಒಬ್ಬ ವ್ಯಾಪಾರಿಯ ತೂಕ ನೂರನೇ ಒಂದು ಭಾಗಕ್ಕೆ ಇಳಿದಿದೆ. ಆದರೆ ಒಟ್ಟಿನಲ್ಲಿ ಅದು ಸುಮಾರು 38 ಶೇಕಡಾ ಇಳಿಕೆಯಾಗಿ ಕಾಣುತ್ತದೆ. ಅರ್ಧಕ್ಕಿಂತ ಜಾಸ್ತಿ ಬದಲಾದರೆ ಮಾತ್ರ ಅಲಾರಂ ಎಂದು ಇಟ್ಟಿದ್ದರು, ಅದು ಬಾಯಿ ಬಿಡಲಿಲ್ಲ. ಅದಕ್ಕಿಂತ ಕೆಟ್ಟದ್ದು, ಈ 38ಕ್ಕೆ ಎಲ್ಲರ ಬಳಿಯೂ ಒಂದು ಕಾರಣ ಸಿದ್ಧವಾಗಿತ್ತು. "ಶ್ರಾವಣ ಅಲ್ವಾ ಮಾರಾಯ್ರೇ, ಇಲ್ಲಿನ ಗಿರಾಕಿಗಳು ನೀರುಳ್ಳಿ ತಿನ್ನುವುದಿಲ್ಲ" ಎಂದರು ಮಾಲೀಕರು. ಮಾತು ಸುಳ್ಳೇನಲ್ಲ. ಆ ತಿಂಗಳು ನೀರುಳ್ಳಿ-ಬೆಳ್ಳುಳ್ಳಿ ಬಿಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಬಟಾಟೆ ಯಾಕೆ ಇಳಿಯಬೇಕು?

ಅಕೌಂಟ್ಸ್ ನೋಡುವವರಿಗೂ ಏನೂ ಕಾಣಲಿಲ್ಲ. 2,000 ಕಿಲೋವನ್ನು ಕಿಲೋಗೆ ₹24ರಂತೆ ಲೆಕ್ಕ ಹಾಕಿದರೆ ₹48,000. 20 ಕ್ವಿಂಟಲ್ ಅನ್ನು ₹2,400ರಂತೆ ಲೆಕ್ಕ ಹಾಕಿದರೂ ₹48,000. ತೂಕ ನೂರು ಪಾಲು ಇಳಿಯಿತು, ದರ ನೂರು ಪಾಲು ಏರಿತು, ಹಣ ಅಲ್ಲಾಡಲಿಲ್ಲ. ತೂಕ ಮಾತ್ರ ಬದಲಾಗಿ ದರ ಹಾಗೇ ಉಳಿದಿದ್ದರೆ, ತೂಕ ಗುಣಿಸು ದರ ಬಿಲ್ ಮೊತ್ತಕ್ಕೆ ತಾಳೆಯಾಗದೆ ಅಂದೇ ಸಿಕ್ಕಿಬೀಳುತ್ತಿತ್ತು. ಎರಡೂ ಒಟ್ಟಿಗೆ ಬದಲಾದಾಗ ಆ ತಾಳೆಯಿಂದ ಉಪಯೋಗವಿಲ್ಲ.

ಸ್ಟಾಕ್ ಲೆಕ್ಕ ಮಾತ್ರ ಕೆಟ್ಟಿತು. ಬಟಾಟೆ ಬಂದದ್ದು 21 ಕಿಲೋ ಎಂದು ನಂಬಿದ ಡ್ಯಾಶ್‌ಬೋರ್ಡ್, ಕೂಡಲೇ ತರಿಸಿ ಎಂದು ಕೆಂಪು ಬಣ್ಣದಲ್ಲಿ ತೋರಿಸಿತು. ಗೋಡೌನಿನ ಹುಡುಗ ತರಿಸಿದ. ಮಳೆಗಾಲದ ತೇವ, ಮೇಲೆ ಮೇಲೆ ಪೇರಿಸಿದ ಗೋಣಿ. ಅಡಿಯ ಗೋಣಿಗಳಿಂದ ನೀರು ಸೋರಲು ಶುರುವಾದ ಮೇಲೆ ನನಗೆ ಫೋನ್ ಬಂತು.

ಹಾಗಾದರೆ ಏನು ನೋಡಬೇಕು? ಪ್ರತಿ ವ್ಯಾಪಾರಿಯ ಪ್ರತಿ ಸಾಮಾನಿಗೂ ಇಂದಿನ ತೂಕವನ್ನು ಅದರ ಎಂದಿನ ತೂಕದಿಂದ ಭಾಗಿಸಿ. ಬಂದ ಉತ್ತರಕ್ಕೆ ಹತ್ತರ ಲಾಗ್ ತೆಗೆಯಿರಿ. ಲಾಗ್ ಎಂದರೆ ಹೆದರಬೇಡಿ, ಇಲ್ಲಿ ಅದು ಎಷ್ಟು ಸೊನ್ನೆ ಸರಿಯಿತು ಎಂಬ ಲೆಕ್ಕ, ಅಷ್ಟೇ. ಏನೂ ಬದಲಾಗದಿದ್ದರೆ 0. ಕಿಲೋ ಕ್ವಿಂಟಲ್ ಆದರೆ −2. ಕ್ವಿಂಟಲ್ ಟನ್ ಆದರೆ −1. ಕಿಲೋ ಟನ್ ಆದರೆ −3.

ಅಂದಿನ ನೀರುಳ್ಳಿಗೆ −2.04, ಬಟಾಟೆಗೆ −1.98, ಬೆಳ್ಳುಳ್ಳಿಗೆ −2.10 ಬರುತ್ತದೆ. ಮೂರೂ −2ರ ಸುತ್ತಲೇ ಗುಂಪಾಗಿ ಕೂತಿವೆ. ಈಗ ನಿಜವಾದ ಶ್ರಾವಣ ಹೇಗಿರುತ್ತದೆ ನೋಡಿ. ನೀರುಳ್ಳಿ 1,800ರಿಂದ 1,100ಕ್ಕೆ, ಬೆಳ್ಳುಳ್ಳಿ 150ರಿಂದ 70ಕ್ಕೆ ಇಳಿದು, ಬಟಾಟೆ 2,150ಕ್ಕೆ ಏರಿತು ಎನ್ನಿ. ಲಾಗ್ −0.21, −0.33, +0.03. ಒಂದು ಇಳಿಯಿತು, ಇನ್ನೊಂದು ಜಾಸ್ತಿ ಇಳಿಯಿತು, ಮತ್ತೊಂದು ಏರಿತು. ವ್ಯಾಪಾರ ಏರುವುದು ಇಳಿಯುವುದು ಹೀಗೆ, ಪ್ರತಿ ಸಾಮಾನೂ ತನ್ನದೇ ದಾರಿಯಲ್ಲಿ. ಸಾಮಾನ್ಯವಾಗಿ ಅಳತೆ ಬದಲಾದಾಗ ಮಾತ್ರ ಒಂದೇ ಮೂಲದ, ಅಂದರೆ ಒಬ್ಬ ವ್ಯಾಪಾರಿಯ ಫೈಲಿನ, ಎಲ್ಲ ಸಾಮಾನುಗಳೂ ಒಂದೇ ದಿನ, ಒಂದೇ ಪಾಲು, ಒಂದೇ ದಿಕ್ಕಿಗೆ ಜಿಗಿಯುತ್ತವೆ. ನನ್ನ ಗಿರಾಕಿಗಳಿಗೆ ನಾನು ಮತ್ತೆ ಮತ್ತೆ ಹೇಳುವುದು ಇದನ್ನೇ. ಎಷ್ಟು ಇಳಿಯಿತು ಎಂದು ಮಾತ್ರ ಕೇಳಬೇಡಿ. ಎಲ್ಲವೂ ಒಂದೇ ಸಮ ಇಳಿದವೋ ಎಂದು ಕೇಳಿ.

ಪೈಥಾನ್‌ನಲ್ಲಿ ಬರೆದರೆ ಇಷ್ಟೇ. `m` ಇಂದಿನ ಸಾಲುಗಳ ಟೇಬಲ್, `base_qty` ಅದೇ ಸಾಮಾನಿನ ಎಂದಿನ ತೂಕ:

```python
m = m[(m["qty"] > 0) & (m["base_qty"] > 0)].copy()
m["lr"] = np.log10(m["qty"] / m["base_qty"])
g = m.groupby("supplier")["lr"]
mid = g.median()
spread = g.quantile(0.75) - g.quantile(0.25)
```

`mid` ಎಂಬ ಮಧ್ಯಾಂಕ −1, −2, +2 ಇಂಥ ಸೊನ್ನೆಯಲ್ಲದ ಪೂರ್ಣ ಸಂಖ್ಯೆಯ ಹತ್ತಿರ ಬಂದು, `spread` ಎಂಬ ಹರಡುವಿಕೆ ಚಿಕ್ಕದಾಗಿದ್ದರೆ ಆ ಮೂಲವನ್ನು ತಡೆಯಬೇಕು. ಹತ್ತಿರ ಎಂದರೆ ಎಷ್ಟು? ನಾನು ಸಾಮಾನ್ಯವಾಗಿ 0.2ರಿಂದ ಶುರು ಮಾಡಿ, ಹಳೆಯ ಕೆಲವು ತಿಂಗಳ ಫೈಲ್‌ಗಳ ಮೇಲೆ ಓಡಿಸಿ ನೋಡಿ, ಆಮೇಲೆ ಬಿಗಿ ಮಾಡುತ್ತೇನೆ. ನಿಮ್ಮಲ್ಲಿ ಬೇರೆ ಸಂಖ್ಯೆ ಹೊಂದಬಹುದು.

−2 ಬಂದರೆ ಅನುಮಾನಕ್ಕೆ ಜಾಗ ಕಡಿಮೆ. ತೊಂದರೆ ಕೊಡುವುದು −1. ಮಾರ್ಕೆಟ್ ಬಂದ್ ಇದ್ದ ಮರುದಿನ, ಮಳೆಗೆ ಟೆಂಪೋ ಸಿಕ್ಕಿಬಿದ್ದ ದಿನ, ಮಾಲು ನಿಜವಾಗಿಯೂ ಹತ್ತನೇ ಒಂದು ಭಾಗ ಬರಬಹುದು. ಆಗ ಗೋಣಿಯ ಕಾಲಂ ನೋಡಿ. ತೂಕವನ್ನು ಗೋಣಿಯ ಸಂಖ್ಯೆಯಿಂದ ಭಾಗಿಸಿ. ಈ ಹೋಟೆಲಿಗೆ ಬರುವ ನೀರುಳ್ಳಿ ಗೋಣಿ 50 ಕಿಲೋ ಆಸುಪಾಸು. 36 ಗೋಣಿಗೆ 1,800 ಎಂದರೆ ಗೋಣಿಗೆ 50. ಅಳತೆ ಬದಲಾದ ದಿನ 33 ಗೋಣಿಗೆ 16.5, ಅಂದರೆ ಗೋಣಿಗೆ 0.5. ಅರ್ಧ ಕಿಲೋದ ನೀರುಳ್ಳಿ ಗೋಣಿಯನ್ನು ಯಾರೂ ಹೊಲಿಯುವುದಿಲ್ಲ. ಮಾಲೇ ಕಡಿಮೆ ಬಂದಿದ್ದರೆ ಗೋಣಿಗಳೂ ಕಡಿಮೆಯಾಗಿ, ಗೋಣಿಗೆ 50 ಎಂಬುದು ಹಾಗೇ ಉಳಿಯುತ್ತಿತ್ತು. ನಿನ್ನೆಯ ಲೆಕ್ಕ ಇಲ್ಲದಿದ್ದರೂ ಈ ಪರೀಕ್ಷೆ ನಡೆಯುತ್ತದೆ. ಹಾಗಾಗಿ ಗೋಣಿ, ಪೆಟ್ಟಿಗೆ, ಡಬ್ಬ ಏನೇ ಇರಲಿ, ಎಣಿಕೆಯ ಕಾಲಂ ಕಳಿಸಿ ಎಂದು ವ್ಯಾಪಾರಿಗಳನ್ನು ಹಟ ಹಿಡಿದು ಕೇಳಿ. ಸುಮ್ನೆ ಯಾಕೆ ಎಂದು ಅದನ್ನು ಕಿತ್ತುಹಾಕುವವರನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಪುಣೆಯವರಿಗೆ ಇಲ್ಲೊಂದು ಮಾತು. ಅಲ್ಲಿನ ಮಾರ್ಕೆಟ್ ಯಾರ್ಡ್‌ನಲ್ಲಿ ದರವನ್ನು 10 ಕಿಲೋಗೆ ಹೇಳುವ ರೂಢಿ ಇದೆ. ಸೊಪ್ಪಿನ ದರ ನೂರು ಕಟ್ಟಿಗೆ. ಹಾಗಾಗಿ ಅಲ್ಲಿ ತೂಕ ಬದಲಾಗದೆ ದರದ ಲಾಗ್ ಮಾತ್ರ +1 ಜಿಗಿಯಬಹುದು. ದರದ ಮೇಲೂ ಇದೇ ಪರೀಕ್ಷೆ ಓಡಿಸಿ. ನೀರುಳ್ಳಿ ದರ ನಾಲ್ಕು ಪಟ್ಟು ಆದರೂ ಲಾಗ್ ಸುಮಾರು 0.6 ಅಷ್ಟೇ, ಆದ್ದರಿಂದ ದರದಲ್ಲಿ ಅಳತೆಯ ಬದಲಾವಣೆ ತೂಕಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ.

ಇನ್ನು "ಎಂದಿನ ತೂಕ" ಎಂದೆನಲ್ಲ, ಅದು ಎಲ್ಲಿಂದ ಬರಬೇಕು? ನಿನ್ನೆಯ ಫೈಲಿನಿಂದ ತೆಗೆದರೆ ಅಲಾರಂ ಒಂದೇ ದಿನ ಹೊಡೆಯುತ್ತದೆ. ಮರುದಿನ ಎರಡೂ ಕಡೆ ಕ್ವಿಂಟಲ್, ಲಾಗ್ 0, ಎಲ್ಲ ಶಾಂತ. ಆ ಒಂದು ದಿನ ಮೇಲ್ ನೋಡುವವರು ಊರಿಗೆ ಹೋಗಿದ್ದರೆ ಮುಗಿಯಿತು. ಮೂಲದ ಹಳೆಯ ಸಾಲುಗಳನ್ನೂ ನಂಬುವಂತಿಲ್ಲ. ಹೊಸ ಸಾಫ್ಟ್‌ವೇರ್ ಹಿಂದಿನ ಮೂರು ತಿಂಗಳ ಬಿಲ್‌ಗಳನ್ನೂ ಕ್ವಿಂಟಲ್‌ಗೆ ತಿರುಗಿಸಿ ಮತ್ತೆ ಕಳಿಸಿದರೆ, ಪೂರ್ತಿ ರಿಫ್ರೆಶ್‌ನಲ್ಲಿ ಇತಿಹಾಸವೇ ಬದಲಾಗಿರುತ್ತದೆ. ಹೋಲಿಸಲು ಏನೂ ಉಳಿಯುವುದಿಲ್ಲ. ಆದ್ದರಿಂದ ಒಬ್ಬ ಮನುಷ್ಯ ನೋಡಿ ಸರಿ ಎಂದ ನಾಲ್ಕು ವಾರಗಳ ಮಧ್ಯಾಂಕವನ್ನು ನಿಮ್ಮದೇ ಬೇರೆ ಟೇಬಲ್‌ನಲ್ಲಿ ಇಡಿ. ಪರೀಕ್ಷೆಯಲ್ಲಿ ಪಾಸಾದ ದಿನಗಳು ಮಾತ್ರ ಅದಕ್ಕೆ ಸೇರಲಿ.

ಕೆಲವೊಮ್ಮೆ ಮೂಲವೇ ನಮಗೆ ಹೇಳಿಬಿಡುತ್ತದೆ. ಇನ್ನೊಂದು ಕಡೆ ವ್ಯಾಪಾರಿ ಕಾಲಂ ಹೆಸರನ್ನೂ ಪ್ರಾಮಾಣಿಕವಾಗಿ `Qty_Qtl` ಎಂದು ಬದಲಿಸಿದ್ದರು. ಪವರ್ ಕ್ವೆರಿ ನಿಂತು ಹೀಗೆ ಹೇಳಿತು:

```
Expression.Error: The column 'Qty_Kg' of the table wasn't found.
```

ಇದಕ್ಕಿಂತ ಒಳ್ಳೆಯ ಸೂಚನೆ ಬೇಕೇ? ಅಲ್ಲಿನ ಹುಡುಗ ಹೊಸ ಕಾಲಂಗೆ ಹಳೆಯ ಹೆಸರು ಕೊಟ್ಟು ರಿಫ್ರೆಶ್ ಓಡುವಂತೆ ಮಾಡಿದ. ಕೆಲಸ ನಿಲ್ಲಬಾರದು ಎಂಬ ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಬೈಯಲು ಮನಸ್ಸು ಬರಲಿಲ್ಲ. ಆದರೆ ಕಾಲಂ ಹೆಸರು ತಪ್ಪಿ ರಿಫ್ರೆಶ್ ನಿಂತರೆ, ಹೆಸರು ಸರಿಮಾಡುವ ಮೊದಲು ಒಳಗಿನ ಹತ್ತು ಸಾಲು ಕಣ್ಣಲ್ಲಿ ನೋಡಿ. ಪೂರ್ಣ ಕಿಲೋಗಳಿದ್ದ ಕಡೆ ಏಕಾಏಕಿ 43.50, 21.75 ಎಂದು ದಶಮಾಂಶ ಶುರುವಾಗಿದ್ದರೆ ಅದೂ ಕ್ವಿಂಟಲ್‌ನ ಗುರುತು. ಕ್ವಿಂಟಲ್‌ನ ಎರಡನೇ ದಶಮಾಂಶ ಸರಿಯಾಗಿ ಒಂದು ಕಿಲೋ.

ಅಳತೆ ಬದಲಾಗಿದೆ ಎಂದು ಗೊತ್ತಾದ ಮೇಲೆ "ನೂರರಿಂದ ಗುಣಿಸಿಬಿಡಿ, ಆಯ್ತಲ್ಲ" ಎನ್ನುತ್ತಾರೆ. ತಾನಾಗಿ ಗುಣಿಸುವ ಸಾಲನ್ನು ನಾನು ಬರೆದುಕೊಡುವುದಿಲ್ಲ. ಆ ಒಬ್ಬ ವ್ಯಾಪಾರಿಯ ಸಾಲುಗಳನ್ನು ಮಾತ್ರ ಬದಿಗಿಡಿ. ಉಳಿದವು ಮುಂದೆ ಹೋಗಲಿ. ಡ್ಯಾಶ್‌ಬೋರ್ಡ್ ಮೇಲೆ "ನೀರುಳ್ಳಿ-ಬಟಾಟೆ ಲೆಕ್ಕ ನಿನ್ನೆಯದು" ಎಂದು ದೊಡ್ಡದಾಗಿ ಬರಲಿ. ಆಮೇಲೆ ಅಂಗಡಿಗೆ ಫೋನ್ ಮಾಡಿ ಕೇಳಿ, ಯಾವ ತಾರೀಕಿನಿಂದ ಎಂದಲ್ಲ, ಯಾವ ಬಿಲ್ ನಂಬರಿನಿಂದ ಎಂದು. ಬದಲಾದ ದಿನ ಬೆಳಗಿನ ಬಿಲ್ ಹಳೆಯ ಸಾಫ್ಟ್‌ವೇರ್‌ನಲ್ಲಿ, ಮಧ್ಯಾಹ್ನದ್ದು ಹೊಸದರಲ್ಲಿ ಆಗಿರಬಹುದು. ಹಳೆಯ ಬಿಲ್‌ನ ತಿದ್ದುಪಡಿ ಒಂದು ವಾರ ಬಿಟ್ಟು ಕಿಲೋದಲ್ಲೇ ಬರಬಹುದು. ಆ ನಂಬರ್, ಹೊಸ ಅಳತೆ, ಕೇಳಿದವರ ಹೆಸರು, ಮೂರನ್ನೂ ಟೇಬಲ್‌ನಲ್ಲಿ ಬರೆದು, ಅದನ್ನು ನೋಡಿಯೇ ಕಿಲೋಗೆ ತಿರುಗಿಸಿ, ಬದಿಗಿಟ್ಟ ಸಾಲುಗಳನ್ನು ಆಗ ಒಳಗೆ ಬಿಡಿ.