‘ರಸೀದಿ’ ಅಂದ್ರೆ ‘ರಿಸೀಟ್’ ಅಲ್ವಾ? ಯಾವ ಪದ ಎಲ್ಲಿಂದ ಬಂತು ಅಂತ ಕಂಡುಹಿಡಿಯೋದು ಹೇಗೆ?

ಓದುಗರೊಬ್ರು ಕೇಳಿದಾರೆ: “ರಸೀದಿ ಅನ್ನೋದು ಇಂಗ್ಲಿಷಿನ ರಿಸೀಟ್‌ನಿಂದ ಬಂದಿದ್ದು ಅಂತ ನಾನು, ಅಲ್ಲ ಅಂತ ನಮ್ಮ ಭಾವ. ಡಿಕ್ಷನರಿ ಹುಡುಕದೆ ಪದ ನೋಡಿದ ತಕ್ಷಣ ಇದು ಸಂಸ್ಕೃತ, ಇದು ಪಾರ್ಸಿ, ಇದು ಪೋರ್ಚುಗೀಸ್, ಇದು ಇಂಗ್ಲಿಷ್ ಅಂತ ಗೊತ್ತಾಗೋಕೆ ಏನಾದ್ರೂ ಉಪಾಯ ಇದ್ಯಾ?”

ಮೊದಲು ಪಂದ್ಯದ ವಿಷಯ ಮುಗಿಸ್ತೀನಿ, ಗೆದ್ದಿದ್ದು ನಿಮ್ಮ ಭಾವ. ರಸೀದಿ ಪಾರ್ಸಿ ಪದ. ಪಾರ್ಸಿಯಲ್ಲಿ ‘ರಸೀದ್’ ಅಂದ್ರೆ ತಲುಪಿತು ಅಂತ, ನಾವು ‘ದುಡ್ಡು ಮುಟ್ಟಿದೆ’ ಅಂತ ಬರ್ಕೊಡ್ತೀವಲ್ಲ, ಅದೇ ಲೆಕ್ಕ. ಆದ್ರೆ ಇದನ್ನ ಅಕ್ಷರ ನೋಡೇ ಹೇಗೆ ಊಹಿಸಬಹುದಿತ್ತು ಅನ್ನೋದು ನಿಜವಾದ ಪ್ರಶ್ನೆ. ಅದಕ್ಕೆ ನಾನು ಒಂದೇ ಒಂದು ಅಕ್ಷರ ಹಿಡ್ಕೊಂಡು ಹೇಳ್ತೀನಿ: ಪ.

ಯಾಕೆ ಪ ಅಂದ್ರೆ, ಹಳಗನ್ನಡದಲ್ಲಿ ಪದದ ಶುರುವಲ್ಲಿ ಇದ್ದ ಪ ಹೊಸ ಕನ್ನಡಕ್ಕೆ ಬರೋ ಹೊತ್ತಿಗೆ ಹ ಆಗೋಯ್ತು. ಪಂಪ ಬರೀತಿದ್ದ ಕಾಲಕ್ಕೆ, ಅಂದ್ರೆ 10ನೇ ಶತಮಾನದಲ್ಲಿ, ಪಾಲ್, ಪುಲಿ, ಪಾವು ಅಂತಿತ್ತು, ಈಗ ಹಾಲು, ಹುಲಿ, ಹಾವು. ತುಳುವಲ್ಲಿ ಈ ಬದಲಾವಣೆ ಆಗ್ಲಿಲ್ಲ, ಅದಕ್ಕೇ ಮಂಗಳೂರು ಕಡೆ ಇವತ್ತಿಗೂ ಹುಲಿ ‘ಪಿಲಿ’, ನಮ್ಮ ಹುಲಿವೇಷ ಅವರಿಗೆ ಪಿಲಿವೇಷ. ಇದರಿಂದ ನಮಗೆ ಲಾಭ ಏನಪ್ಪಾ ಅಂದ್ರೆ, ಮನೆಯ ಪ ಎಲ್ಲಾ ಹೆಚ್ಚುಕಮ್ಮಿ ಹ ಆಗಿಬಿಟ್ಟಿರೋದ್ರಿಂದ ಈಗ ಮಾತಲ್ಲಿ ಪ ಇಂದ ಶುರುವಾಗೋ ಪದ ಸಿಕ್ರೆ ಅದು ಹೊರಗಿಂದ ಬಂದಿದ್ದಾಗಿರೋ ಸಾಧ್ಯತೆ ತುಂಬಾ ಜಾಸ್ತಿ. ಪುಟ್ಟ, ಪಡೆ, ಪಿಸುಮಾತು, ಪಟಪಟ ಇಂಥವು ಇದಕ್ಕೆ ಹೊರತು, ಅಷ್ಟನ್ನ ತೆಗೆದಿಡಿ.

ಹೊರಗಿಂದ ಅಂದ್ರೆ ಎಲ್ಲಿಂದ? ಪದದ ಮೊದಲಲ್ಲೇ ಒತ್ತಕ್ಷರ ಇದ್ರೆ (ಪ್ರಶ್ನೆ, ಪ್ರಾಣ), ಅಥವಾ ಒಳಗೆ ಠ, ಧ, ಭ, ಷ ಥರದ್ದು ಕಂಡ್ರೆ (ಪಾಠ, ಪುರುಷ) ಬಹುತೇಕ ಸಂಸ್ಕೃತ. ಇದು ಸ್ಕೂಲಲ್ಲೇ ತತ್ಸಮ ಅಂತ ಕಲಿತಿದ್ದು, ಹೆಚ್ಚು ಹೇಳಲ್ಲ. ಮಜಾ ಇರೋದು ಮುಚ್ಕೊಂಡು ಕೂತಿರೋ ಸಂಸ್ಕೃತದಲ್ಲಿ. ‘ಹಬ್ಬ’ ತಗೊಳ್ಳಿ. ಒತ್ತಕ್ಷರ ಶುರುವಲ್ಲಿಲ್ಲ, ಮಹಾಪ್ರಾಣ ಇಲ್ಲ, ಹ ಬೇರೆ ಇದೆ, ಅಪ್ಪಟ ಮನೆಮಗನ ಥರ ಕಾಣುತ್ತೆ. ಆದ್ರೆ ಅದು ‘ಪರ್ವ’. ಪರ್ವ ಮೊದ್ಲು ಪಬ್ಬ ಆಯ್ತು, ಆಮೇಲೆ ಪಾಲ್ ಹಾಲಾದಾಗ ಅದರ ಜೊತೆಗೇ ಪಬ್ಬ ಹಬ್ಬ ಆಯ್ತು. ಅಂದ್ರೆ ಪ-ಹ ಬದಲಾವಣೆಗೆ ಮುಂಚೆನೇ ಅದು ಕನ್ನಡದೊಳಗೆ ಬಂದು ಸೇರ್ಕೊಂಡಿತ್ತು ಅಂತಾಯ್ತು. ಪುಸ್ತಕ ಮಾತ್ರ ಹುಸ್ತಕ ಆಗ್ಲಿಲ್ಲ, ಯಾಕಂದ್ರೆ ಓದುಬರಹ ಬಲ್ಲೋರು ಸಂಸ್ಕೃತ ನೋಡ್ಕೊಂಡು ಅದನ್ನ ಹಾಗೇ ಉಳಿಸ್ಕೊಂಡ್ರು.

ಪಾರ್ಸಿಗೆ ಬರೋಣ. ಪಾರ್ಸಿ ಅಂದ್ರೂ ಅದರ ಹೊಟ್ಟೆಯಲ್ಲಿ ಅರಬ್ಬಿ ಪದಗಳೂ ತುಂಬಾ ಇವೆ. ಬಹಮನಿ, ಆದಿಲ್‌ಶಾಹಿ, ಆಮೇಲೆ ಹೈದರ್-ಟಿಪ್ಪು ಕಾಲದ ಕಂದಾಯ ಮತ್ತು ದರ್ಬಾರಿನ ದಾರಿಯಲ್ಲಿ ಬಂದಿದ್ದು, ಹಾಗಾಗಿ ತಾಲ್ಲೂಕು ಆಫೀಸಿಗೆ ಹೋದ್ರೆ ಇವತ್ತಿಗೂ ಅರ್ಜಿ, ಜಮೀನು, ಬಾಕಿ, ವಸೂಲಿ, ದಸ್ತಾವೇಜು ಅಂತ ಅದೇ ಕಿವಿಗೆ ಬೀಳುತ್ತೆ. -ದಾರ, -ಖಾನೆ ಬಾಲ ಇದ್ರೆ ಹಿಡಿಯೋದು ಸುಲಭ. (ಇಲ್ಲೇ ಗಮನಿಸಿ, ಖಾನೆಯಲ್ಲೂ ಖುಷಿಯಲ್ಲೂ ಖ ಇದೆ, ಮಹಾಪ್ರಾಣ ಕಂಡ ಕೂಡ್ಲೆ ಸಂಸ್ಕೃತ ಅನ್ಬೇಡಿ.) ಬಾಲ ಇಲ್ದಿದ್ರೆ ಕಷ್ಟ, ಮುಖ್ಯವಾಗಿ ಅವರ ತುಟಿಹಲ್ಲಿನ ಫ ನಮ್ಮ ಬಾಯಲ್ಲಿ ಪ ಆಗಿಬಿಟ್ರೆ. ‘ಪುರುಸೊತ್ತು’ ಎಷ್ಟು ನಮ್ಮದೇ ಅನ್ಸುತ್ತೆ ನೋಡಿ, ಆದ್ರೆ ಅದು ‘ಫುರ್ಸತ್’. ದಿನಕ್ಕೆ ಹತ್ತು ಸಲ ಅನ್ನೋ ‘ಪರವಾಗಿಲ್ಲ’ದಲ್ಲಿ ಇರೋ ‘ಪರವಾ’ ಕೂಡ ಪಾರ್ಸಿ, ಚಿಂತೆ ಅಂತ ಅರ್ಥ, ‘ಇಲ್ಲ’ ಮಾತ್ರ ನಮ್ಮದು.

ಇನ್ನು ಪೋರ್ಚುಗೀಸ್ ಮತ್ತು ಇಂಗ್ಲಿಷ್, ಎಲ್ಲರೂ ಎಡವೋದು ಇಲ್ಲೇ, ಎರಡೂ ಯುರೋಪಿನವು, ಪದಗಳೂ ಒಂದೇ ಥರ. ಇದಕ್ಕೆ ನನ್ನ ಹತ್ರ ಇರೋ ಪರೀಕ್ಷೆ ತ-ಟ ಪರೀಕ್ಷೆ. ಪೋರ್ಚುಗೀಸರ ನಾಲಿಗೆ ತ, ದ ಅನ್ನುವಾಗ ಹಲ್ಲಿಗೆ ತಾಗುತ್ತೆ, ನಮಗೂ ಅದು ತ, ದ ಅಂತಲೇ ಕೇಳ್ಸುತ್ತೆ. ಇಂಗ್ಲಿಷಿನೋರ ನಾಲಿಗೆ ಹಲ್ಲಿಗಿಂತ ಹಿಂದೆ, ವಸಡಿನ ಹತ್ರ ತಾಗುತ್ತೆ, ನಮ್ಮ ಕಿವಿಗೆ ಅದು ಟ, ಡ. ಅದಕ್ಕೇ ಪೋರ್ಚುಗೀಸಿಂದ ಬಂದಿದ್ದು ‘ಪಿಸ್ತೂಲು’, ಇಂಗ್ಲಿಷಿಂದ ಬಂದಿದ್ದು ‘ಪಿಸ್ಟಲ್’. ಇನ್ನೂ ಒಳ್ಳೆ ಜೋಡಿ ಬೇಕಂದ್ರೆ ಮನೆ ಕಟ್ಟಿಸುವಾಗ ಕರೆಯೋ ‘ಮೇಸ್ತ್ರಿ’ ಮತ್ತು ಪಾಠ ಹೇಳೋ ‘ಮೇಷ್ಟ್ರು’. ಮೊದಲನೇದು ಪೋರ್ಚುಗೀಸಿನ ಮೆಸ್ತ್ರೆ, ಎರಡನೇದು ಇಂಗ್ಲಿಷಿನ ಮಾಸ್ಟರ್, ಎರಡಕ್ಕೂ ಮೂಲ ಲ್ಯಾಟಿನ್ನಿನ ಒಂದೇ ಪದ. ಒಂದೇ ತಾಯಿ ಮಕ್ಕಳು, ಒಬ್ಬ ಗೋವಾ ಕಡೆಯಿಂದ ಬಂದ, ಇನ್ನೊಬ್ಬ ಇಂಗ್ಲಿಷ್ ಸ್ಕೂಲಿಂದ ಬಂದ, ಈಗ ಒಬ್ಬನ ಕೈಲಿ ಕರಣೆ, ಇನ್ನೊಬ್ಬನ ಕೈಲಿ ಸೀಮೆಸುಣ್ಣ.

ಇದೇ ಪರೀಕ್ಷೆ ನಿಮ್ಮ ರಸೀದಿಗೂ ಹಾಕಿ. ರಿಸೀಟ್ ನಮ್ಮ ಬಾಯಿಗೆ ಬಿದ್ದಿದ್ರೆ ‘ರಿಸೀಟು’ ಆಗ್ಬೇಕಿತ್ತು, ಟಿಕೆಟ್ಟು, ಪ್ಯಾಂಟು ಆದ ಹಾಗೆ. ಆ ದ ಎಲ್ಲಿಂದ ಬಂತು? ಇಂಗ್ಲಿಷಿಂದ ಬರೋಕೆ ದಾರಿಯಿಲ್ಲ. ಕೊನೆಗೆ ‘ಉ’ ಬಂದಿದೆ ಅಂತ ಮಾತ್ರ ಇಂಗ್ಲಿಷ್ ಅನ್ಬೇಡಿ, ಅದು ನಾವು ಒತ್ತೋ ಮೊಹರು, ಬಸ್ಸಿಗೂ ಹಾಕ್ತೀವಿ, ಪಾರ್ಸಿಯ ರುಮಾಲಿಗೂ ಹಾಕ್ತೀವಿ.

ಪರೀಕ್ಷೆ ಕೈಕೊಡೋದೂ ಉಂಟು. ಬೆಳಗಾವಿ ಕಡೆ ಆಲೂಗಡ್ಡೆಗೆ ಬಟಾಟೆ ಅಂತಾರೆ, ಅದು ಪೋರ್ಚುಗೀಸಿನ ಬತಾತ, ತ ಇರ್ಬೇಕಿತ್ತು, ಆದ್ರೆ ಮರಾಠಿಯಲ್ಲೇ ಅದು ಬಟಾಟಾ, ಹಾಗೆ ಟ ಹೊತ್ಕೊಂಡೇ ಬಂದಿದೆ. ಪದಾರ್ಥ ಒಬ್ಬರದ್ದು, ಹೆಸರು ಇನ್ನೊಬ್ಬರದ್ದು ಆಗೋದೂ ಇದೆ. ಪಪ್ಪಾಯಿ ಅಮೆರಿಕಾ ಖಂಡದ ಹಣ್ಣು, ಪೋರ್ಚುಗೀಸರ ಕಾಲದಲ್ಲಿ ಬಂತು, ಆ ಹೆಸರೂ ಅವರ ಮೂಲಕವೇ ಬಂದಿದ್ದು. ಅದೇ ಹಣ್ಣಿಗೆ ಮೈಸೂರು ಕಡೆ ‘ಪರಂಗಿ ಹಣ್ಣು’ ಅಂತೀವಲ್ಲ, ಆ ಪರಂಗಿ ಪಾರ್ಸಿಯ ಫರಂಗಿ, ಯುರೋಪಿನವನು ಅಂತ. ಪೋರ್ಚುಗೀಸರು ತಂದ ಹಣ್ಣಿಗೆ ಅವರನ್ನ ಕರೆಯೋ ಪಾರ್ಸಿ ಹೆಸರನ್ನೇ ಅಂಟಿಸಿದ್ದು!

ಇನ್ನು ‘ಮೇಜು’ ಯಾರದ್ದು ಅಂತ ಮಾತ್ರ ನನ್ನ ಕೇಳ್ಬೇಡಿ. ಪಾರ್ಸಿಯಲ್ಲಿ ಮೇಜ಼್ ಇದೆ, ಪೋರ್ಚುಗೀಸಿನಲ್ಲಿ ಮೆಸ ಅಂತ ಬರೆದು ಮೇಜ಼ ಅಂತ ಓದೋ ಪದ ಇದೆ, ಎರಡಕ್ಕೂ ಅರ್ಥ ಮೇಜೇ. ತ ಇಲ್ಲ, ಟ ಇಲ್ಲ, ಬಾಲವೂ ಇಲ್ಲ. ನಿಮ್ಮ ಭಾವನ ಜೊತೆ ಮುಂದಿನ ಪಂದ್ಯಕ್ಕೆ ಅದನ್ನೇ ಇಟ್ಕೊಳ್ಳಿ, ಇಬ್ಬರೂ ಸೋಲಲ್ಲ.