60 ದಿನದ ಕ್ರೆಡಿಟ್ ಅಂತಾರೆ, ದುಡ್ಡು ಬರೋದು 82ಕ್ಕೆ

ಪೀಣ್ಯದಲ್ಲಿ ನನ್ನ ಕ್ಲೈಂಟ್ ಒಬ್ರದ್ದು ಚಿಕ್ಕ ಟರ್ನಿಂಗ್ ಶಾಪ್ ಇದೆ. ಸಿಎನ್‌ಸಿ ಲೇತ್‌ಗಳು, ಒಂದು ವಿಎಂಸಿ, ಗಾಡಿ ಕಂಪನಿಗಳಿಗೆ ಅಸೆಂಬ್ಲಿ ಸಪ್ಲೈ ಮಾಡೋ ಒಂದು ದೊಡ್ಡ ಫ್ಯಾಕ್ಟರಿಗೆ ಶಾಫ್ಟು, ಬುಷ್ಷು, ಪಿನ್ನು ಮಾಡಿಕೊಡ್ತಾರೆ. ಅವ್ರು ಕೇಳಿದ ಪ್ರಶ್ನೆ ಇದು: "ಸಾರ್, ವರ್ಷಕ್ಕೆ 24 ಲಕ್ಷ ಉಳೀತು ಅಂತ ನೀವೇ ಲೆಕ್ಕ ತೋರಿಸ್ತೀರಿ, ಹಾಗಾದ್ರೆ ಏಳನೇ ತಾರೀಕು ಸಂಬಳ ಕೊಡೋಕೆ ನಾನ್ಯಾಕೆ ಮನೆಯವ್ರ ಚಿನ್ನ ಅಡ ಇಡ್ಬೇಕು?"

ಪ್ರಶ್ನೆ ನ್ಯಾಯವಾಗಿದೆ. ಲೆಕ್ಕದಲ್ಲಿ ಸುಳ್ಳಿಲ್ಲ, ಉಳಿದಿರೋದೂ ನಿಜ, ಆದ್ರೆ ಆ ದುಡ್ಡು ಬ್ಯಾಂಕಲ್ಲಿಲ್ಲ, ರ‍್ಯಾಕಲ್ಲಿರೋ ಸ್ಟೀಲಲ್ಲಿ, ಪ್ಲೇಟಿಂಗ್‌ಗೆ ಹೋಗಿರೋ ಪಿನ್ನಲ್ಲಿ, ಎಲ್ಲಕ್ಕಿಂತ ಜಾಸ್ತಿ ಕಸ್ಟಮರ್ ಕೊಡಬೇಕಾದ ಬಿಲ್ಲಲ್ಲಿ ಕೂತಿದೆ. ಎಷ್ಟು ಕೂತಿದೆ ಅಂತ ಅಳೆಯೋಕೆ ಇರೋ ಅಳತೆಗೆ ಕ್ಯಾಶ್ ಕನ್ವರ್ಶನ್ ಸೈಕಲ್ ಅಂತಾರೆ. ಹೆಸರು ದೊಡ್ಡದು, ಲೆಕ್ಕ ಮೂರೇ ಸಂಖ್ಯೆ: ಮಾಲು ನಮ್ಮಲ್ಲಿ ಎಷ್ಟು ದಿನ ಇರತ್ತೆ, ಬಿಲ್ ಹಾಕಿದ್ಮೇಲೆ ದುಡ್ಡು ಬರೋಕೆ ಎಷ್ಟು ದಿನ, ಇವೆರಡನ್ನೂ ಕೂಡಿಸಿ ಅದ್ರಲ್ಲಿ ಸ್ಟೀಲ್ ಡೀಲರ್ ನಮಗೆ ಕೊಡೋ ಸಾಲದ ದಿನ ಕಳೀರಿ, ಅಷ್ಟೇ.

ಇವ್ರ ಲೆಕ್ಕ ನೋಡಿ (ಗುರುತು ಸಿಗಬಾರ್ದು ಅಂತ ಅಂಕಿಗಳನ್ನ ಸ್ವಲ್ಪ ರೌಂಡ್ ಮಾಡಿದೀನಿ). ತಿಂಗಳಿಗೆ ಜಿಎಸ್‌ಟಿ ಬಿಟ್ಟು 20 ಲಕ್ಷ ಸೇಲ್ಸ್. ಅದ್ರಲ್ಲಿ ಸ್ಟೀಲ್ 10 ಲಕ್ಷ, ಸಂಬಳ, ಕರೆಂಟು, ಟೂಲು, ಹೀಟ್ ಟ್ರೀಟ್‌ಮೆಂಟು, ಬಾಡಿಗೆ ಎಲ್ಲಾ ಸೇರಿ 8 ಲಕ್ಷ, ಬ್ಯಾಂಕ್ ಬಡ್ಡಿ ಕಳೆಯೋ ಮುಂಚೆ 2 ಲಕ್ಷ ಉಳಿಯತ್ತೆ. ಬಾರ್ ಬಂದು ರ‍್ಯಾಕಲ್ಲಿ 12 ದಿನ, ಮಷಿನ್ನು ಮತ್ತೆ ಹೊರಗಿನ ಜಾಬ್ ವರ್ಕು ಸೇರಿ 18 ದಿನ, ರೆಡಿ ಆದ ಮಾಲು 5 ದಿನ, ಒಟ್ಟು 35. ದುಡ್ಡು ಬರೋಕೆ 82 ದಿನ. ಡೀಲರ್ ಕ್ರೆಡಿಟ್ 20 ದಿನ. ಅಂದ್ರೆ 35ಕ್ಕೆ 82 ಸೇರಿಸಿ 20 ಕಳೆದ್ರೆ 97 ದಿನ. ಡೀಲರ್‌ಗೆ ದುಡ್ಡು ಕೊಟ್ಟ ದಿನದಿಂದ ಅದೇ ದುಡ್ಡು ವಾಪಸ್ ಕೈಗೆ ಬರೋವರೆಗೆ ಮೂರು ತಿಂಗಳ ಮೇಲೆ ಒಂದು ವಾರ.

ತಿಂಗಳಿಗೆ 18 ಲಕ್ಷ ಖರ್ಚು ಅಂದ್ರೆ ದಿನಕ್ಕೆ 60 ಸಾವಿರ. 97 ದಿನಕ್ಕೆ ಸುಮಾರು 58 ಲಕ್ಷ ಯಾವಾಗ್ಲೂ ಹೊರಗಡೆ ಇರತ್ತೆ. ಇದ್ರ ಮೇಲೆ ಜಿಎಸ್‌ಟಿ ಬೇರೆ: ಕಸ್ಟಮರ್ ದುಡ್ಡು ಕೊಡ್ಲಿ ಬಿಡ್ಲಿ, ಈ ತಿಂಗಳ ಬಿಲ್ಲಿನ ಟ್ಯಾಕ್ಸು ಮುಂದಿನ ತಿಂಗಳು 20ನೇ ತಾರೀಕಿನೊಳಗೆ ಕಟ್ಟಲೇಬೇಕು. ಸ್ಟೀಲಿನ ಇನ್‌ಪುಟ್ ಕಳೆದು ತಿಂಗಳಿಗೆ 1.8 ಲಕ್ಷದ ಹತ್ರ ಕೈಯಿಂದ ಹೋಗತ್ತೆ, ಅದು ಕಸ್ಟಮರಿಂದ ವಾಪಸ್ ಬರೋದು ಹೆಚ್ಚುಕಮ್ಮಿ ಒಂದೂವರೆ ತಿಂಗಳು ಬಿಟ್ಟು, ಹಾಗಾಗಿ ಇನ್ನೊಂದು ಮೂರು ಲಕ್ಷ ಅಲ್ಲಿ. ಒಟ್ಟು 61 ಲಕ್ಷ. ಚಿನ್ನ ಎಲ್ಲಿ ಹೋಯ್ತು ಅನ್ನೋದಕ್ಕೆ ಉತ್ತರ ಇದು.

ಬ್ಯಾಂಕ್ ಕೊಡಲ್ವಾ ಅಂದ್ರೆ ಕೊಡತ್ತೆ. ಸಣ್ಣ ಯೂನಿಟ್‌ಗಳಿಗೆ ನಾಯಕ್ ಕಮಿಟಿ ಲೆಕ್ಕ ಅಂತ ಒಂದಿದೆ, ವರ್ಷದ ಅಂದಾಜು ಟರ್ನೋವರ್‌ನ 25 ಪರ್ಸೆಂಟ್ ವರ್ಕಿಂಗ್ ಕ್ಯಾಪಿಟಲ್ ಬೇಕು ಅಂತ ಹಿಡಿದು ಅದ್ರಲ್ಲಿ 20 ಬ್ಯಾಂಕು, 5 ಓನರು. ಇವ್ರದ್ದು 2.4 ಕೋಟಿ ಟರ್ನೋವರ್, ಸಿಸಿ, ಅಂದ್ರೆ ಕ್ಯಾಶ್ ಕ್ರೆಡಿಟ್ ಲಿಮಿಟ್ 48 ಲಕ್ಷ ಸಿಕ್ಕಿದೆ, ಉಳಿದ 12-13 ಲಕ್ಷ ಇವ್ರದ್ದೇ. ಆ 25 ಪರ್ಸೆಂಟ್ ಅಂದ್ರೆ ಮೂರು ತಿಂಗಳ ಸೈಕಲ್ ಅಂತ ಬ್ಯಾಂಕು ಊಹೆ ಮಾಡ್ಕೊಂಡಿರೋದು, ನಿಮ್ದು ನಾಲ್ಕು ತಿಂಗಳಾದ್ರೆ ಆ ಹೆಚ್ಚಿನ ತಿಂಗಳು ಪೂರ್ತಿ ನಿಮ್ಮ ತಲೆ ಮೇಲೆ.

ಲಿಮಿಟ್ ಇದೆ ಅಂತ ಅಷ್ಟೂ ತೆಗೆಯೋಕೆ ಆಗತ್ತೆ ಅಂತಾನೂ ಅಲ್ಲ, ಇದು ತುಂಬಾ ಜನಕ್ಕೆ ಗೊತ್ತೇ ಇರಲ್ಲ. ಪ್ರತಿ ತಿಂಗಳು ಕೊಡೋ ಸ್ಟಾಕ್ ಸ್ಟೇಟ್‌ಮೆಂಟ್ ನೋಡಿ ಬ್ಯಾಂಕು ಡ್ರಾಯಿಂಗ್ ಪವರ್ ಹಾಕತ್ತೆ, ಅಂದ್ರೆ ಆ ತಿಂಗಳು ಎಷ್ಟರವರೆಗೆ ತೆಗೀಬಹುದು ಅಂತ. ಸಾಮಾನ್ಯವಾಗಿ ಸ್ಟಾಕಲ್ಲಿ ಡೀಲರ್ ಬಾಕಿ ಕಳೆದು ಅದಕ್ಕೂ, ಕಸ್ಟಮರ್ ಬಾಕಿಗೂ 25 ಪರ್ಸೆಂಟ್ ಮಾರ್ಜಿನ್ ತೆಗೀತಾರೆ, ಮತ್ತೆ 90 ದಿನ ದಾಟಿದ ಬಿಲ್ಲನ್ನ ಲೆಕ್ಕಕ್ಕೇ ತಗೊಳಲ್ಲ. ಇವ್ರಿಗೆ ಜಿಎಸ್‌ಟಿ ಸೇರಿ 64 ಲಕ್ಷ ಚಿಲ್ಲರೆ ಕಸ್ಟಮರ್ ಬಾಕಿ, ಎಲ್ಲಾ ಬಿಲ್ಲೂ 90ರೊಳಗಿದ್ರೆ ಡ್ರಾಯಿಂಗ್ ಪವರ್ 54 ಲಕ್ಷದ ಆಸುಪಾಸು ಬರತ್ತೆ, ತೊಂದ್ರೆ ಇಲ್ಲ, 48 ಪೂರ್ತಿ ಬಳಸಬಹುದು. ಅದ್ರಲ್ಲಿ 15 ಲಕ್ಷದ ಬಿಲ್ಲು 90 ದಾಟಿತು ಅನ್ಕೊಳ್ಳಿ, ಡ್ರಾಯಿಂಗ್ ಪವರ್ 43ಕ್ಕೆ ಇಳೀತು. ಕಸ್ಟಮರ್ ತಡ ಮಾಡಿದ ತಿಂಗಳೇ ಬ್ಯಾಂಕೂ ಕೈ ಬಿಗಿ ಮಾಡ್ತು, ಎರಡೂ ಒಟ್ಟಿಗೆ. ಇವ್ರು ಚಿನ್ನ ಅಡ ಇಟ್ಟ ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿದ್ರೆ ಆಗಿರೋದೂ ಇದೇ.

ಇಷ್ಟರ ಮೇಲೆ ಅದೇ ಕಸ್ಟಮರ್ "ಇನ್ನೊಂದು ಪಾರ್ಟ್ ಕೊಡ್ತೀವಿ, ತಿಂಗಳಿಗೆ 10 ಲಕ್ಷದ ಶೆಡ್ಯೂಲ್" ಅಂದಾಗ ಓನರ್‌ಗೆ ಖುಷಿಯೋ ಖುಷಿ. ನಾನು ಲೆಕ್ಕ ಹಾಕಿ ತೋರಿಸ್ದೆ: ಸೇಲ್ಸ್ ಒಂದೂವರೆ ಪಟ್ಟು ಆದ್ರೆ ಹೊರಗೆ ಕೂರೋ ದುಡ್ಡೂ ಒಂದೂವರೆ ಪಟ್ಟು, ಅಂದ್ರೆ ಇನ್ನೂ 29 ಲಕ್ಷ ಹಾಕಬೇಕು. ಆ ಆರ್ಡರಿಂದ ತಿಂಗಳಿಗೆ ಉಳಿಯೋದು 1 ಲಕ್ಷ. 29 ಲಕ್ಷ ಸಾಲ ಮಾಡಿ ಹಾಕಿದ್ರೆ 10.5 ಪರ್ಸೆಂಟ್ ಬಡ್ಡಿ ಅಂದ್ರೂ ತಿಂಗಳಿಗೆ 25 ಸಾವಿರ ಅದಕ್ಕೇ ಹೋಯ್ತು. ಬಡ್ಡಿ ಮರೆತುಬಿಟ್ರೂ, ಆ ಲಾಭದಿಂದಾನೇ ಹಾಕಿದ ದುಡ್ಡು ತೆಗೀಬೇಕು ಅಂದ್ರೆ 29 ತಿಂಗಳು ಬೇಕು. ಆರ್ಡರ್ ಬೇಡ ಅಂತಲ್ಲ, ಆದ್ರೆ ಆ 29 ಲಕ್ಷ ಎಲ್ಲಿಂದ ಅಂತ ಪಿಓ, ಅಂದ್ರೆ ಪರ್ಚೇಸ್ ಆರ್ಡರ್ ಕೈಗೆ ಬರೋ ಮುಂಚೆ ಗೊತ್ತಿರ್ಬೇಕು. ಕೈ ತುಂಬಾ ಆರ್ಡರ್ ಇಟ್ಕೊಂಡೇ ಬಾಗಿಲು ಹಾಕಿದ ಶಾಪ್‌ಗಳು ಇಲ್ಲೇ ಇವೆ.

ಈಗ ಆ 82ಕ್ಕೆ ಬರೋಣ, ಯಾಕಂದ್ರೆ ಪಿಓದಲ್ಲಿ ಇರೋದು 60 ದಿನ. ಉಳಿದ 22 ಎಲ್ಲಿಂದ ಬಂತು ಅಂದ್ರೆ ಅವ್ರಿಗೂ ಗೊತ್ತಿರ್ಲಿಲ್ಲ, "ಅವ್ರು ಯಾವಾಗ್ಲೂ ಲೇಟೇ ಸಾರ್" ಅಂದ್ರು. ಟ್ಯಾಲಿ ಬರೀ ಬಿಲ್ ತಾರೀಕು, ದುಡ್ಡು ಬಂದ ತಾರೀಕು ಹೇಳತ್ತೆ, ಮಧ್ಯದ್ದು ಹೇಳಲ್ಲ. ಹಾಗಾಗಿ ಹಿಂದಿನ ಆರು ತಿಂಗಳ ಪ್ರತಿ ಬಿಲ್ಲಿಗೂ ಐದು ತಾರೀಕು ಒಂದು ಎಕ್ಸೆಲ್ ಶೀಟಲ್ಲಿ ಬರೆಸಿದೆ: ಬಿಲ್ ಹಾಕಿದ್ದು, ಕಸ್ಟಮರ್ ಗೇಟ್ ಸೀಲ್ ಬಿದ್ದಿದ್ದು, ಮಾಲು ನೋಡಿ ತಗೊಂಡ್ವಿ ಅಂತ ಅವ್ರು ಹಾಕೋ ಜಿಆರ್‌ಎನ್ ಆಗಿದ್ದು (ಅದು ಅವ್ರ ಸಪ್ಲೈಯರ್ ಪೋರ್ಟಲಲ್ಲೇ ಸಿಗತ್ತೆ), ಡ್ಯೂ ಡೇಟು, ಅಕೌಂಟಿಗೆ ದುಡ್ಡು ಬಂದಿದ್ದು. ಸರಾಸರಿ ತೆಗೆದ್ರೆ ಗೇಟಿಗೆ ಹೋಗೋಕೆ 2 ದಿನ, ಗೇಟಿಂದ ಜಿಆರ್‌ಎನ್‌ಗೆ 6, ಆಮೇಲೆ 60, ಅವ್ರು ಡ್ಯೂ ಆದ ಬಿಲ್ಲಿಗೆಲ್ಲಾ ಒಟ್ಟಿಗೆ ದುಡ್ಡು ಹಾಕೋ ಪೇಮೆಂಟ್ ರನ್‌ಗೆ ಕಾಯೋದು 8, ಇನ್ನು 6 ದಿನ ಬಿಲ್ ಹೋಲ್ಡ್ ಆಗಿದ್ದಕ್ಕೆ.

ಅಂದ್ರೆ ಆ 60 ದಿನ ಎಣಿಸೋಕೆ ಶುರುವಾಗೋದು ನಮ್ಮ ಬಿಲ್ ತಾರೀಕಿಂದ ಅಲ್ಲ, ಅವ್ರ ಜಿಆರ್‌ಎನ್ ಇಂದ. ಜಿಆರ್‌ಎನ್ ತಡ ಆಗಿದ್ದಕ್ಕೆ ಕಾರಣ ಬಹಳ ಸಣ್ಣವು: ಮೆಟೀರಿಯಲ್ ಟೆಸ್ಟ್ ಸರ್ಟಿಫಿಕೇಟು ಡಬ್ಬದ ಜೊತೆ ಹೋಗಿಲ್ಲ, ಇನ್‌ಸ್ಪೆಕ್ಷನ್ ರಿಪೋರ್ಟಲ್ಲಿ ಡ್ರಾಯಿಂಗ್‌ನ ಹಳೇ ರಿವಿಷನ್ ನಂಬರ್ ಇದೆ, ಸ್ಟೀಲ್ ರೇಟ್ ಏರಿದ್ದಕ್ಕೆ ಹೊಸ ರೇಟಲ್ಲಿ ಬಿಲ್ ಹಾಕಿದಾರೆ ಆದ್ರೆ ಪಿಓ ಇನ್ನೂ ತಿದ್ದಿಲ್ಲ, ಸಿಸ್ಟಮ್ ತಗೊಳ್ತಿಲ್ಲ. ಪೇಮೆಂಟ್ ರನ್ನಂತೂ ತಿಂಗಳಿಗೆ ಎರಡೇ ಸಲ. ರನ್ನಿಗೆ ಒಂದು ದಿನ ಮುಂಚೆ ಡ್ಯೂ ಆದ ಬಿಲ್ಲಿಗೆ ಮಾರನೇ ದಿನ ದುಡ್ಡು, ಒಂದು ದಿನ ಆಮೇಲೆ ಡ್ಯೂ ಆಗಿದ್ದಕ್ಕೆ ಹದಿನೈದು ದಿನ ಕಾಯಬೇಕು, ಅಂದ್ರೆ ಜಿಆರ್‌ಎನ್‌ನಲ್ಲಿ ಕಳ್ಕೊಂಡ ಎರಡು ದಿನ ಕೊನೆಗೆ ಎರಡು ವಾರ ಆಗತ್ತೆ.

ಹೋಲ್ಡ್ ಕಥೆ ಇನ್ನೂ ಬೇಜಾರು. ಆಟೋ ಖರ್ಚು ಉಳಿಸೋಕೆ ಐದು ಐಟಂ ಒಂದೇ ಬಿಲ್ಲಲ್ಲಿ ಹಾಕ್ತಿದ್ರು. ಒಂದ್ಸಲ 3.9 ಲಕ್ಷದ ಬಿಲ್ಲಲ್ಲಿ 140 ಪಿನ್ನಿಗೆ ಪ್ಲೇಟಿಂಗ್ ದಪ್ಪ ಕಮ್ಮಿ ಅಂತ ರಿಜೆಕ್ಟ್ ಆಯ್ತು, ಅದ್ರ ಬೆಲೆ 9 ಸಾವಿರವೂ ಇಲ್ಲ, ಆದ್ರೆ ಡೆಬಿಟ್ ನೋಟ್ ಬರೋವರೆಗೆ ಇಡೀ ಬಿಲ್ಲು ನಿಂತ್ಹೋಯ್ತು. ಈಗ ಮಾಲು ಒಂದೇ ಆಟೋದಲ್ಲಿ ಹೋದ್ರೂ ಐಟಂಗೆ ಒಂದು ಬಿಲ್. ಜೊತೆಗೆ ಡಿಸ್ಪ್ಯಾಚ್ ಹುಡುಗ ಮೂರನೇ ದಿನ ಪೋರ್ಟಲ್ ನೋಡ್ತಾನೆ, ಜಿಆರ್‌ಎನ್ ಇಲ್ಲ ಅಂದ್ರೆ ಅವತ್ತೇ ಅವ್ರ ಸ್ಟೋರ್ಸ್‌ಗೆ ಫೋನ್. ಡ್ಯೂ ಡೇಟ್ ಆದ್ಮೇಲೆ ಅಕೌಂಟ್ಸ್‌ಗೆ ಫೋನ್ ಮಾಡಿ ಗೋಗರೆಯೋದಕ್ಕಿಂತ ಈ ಫೋನಿಗೆ ಬೆಲೆ ಜಾಸ್ತಿ, ಅಕೌಂಟ್ಸ್‌ನವ್ರ ಕೈಲಿ ಆಗ ಏನೂ ಇರಲ್ಲ.

ಕಾನೂನು ಏನನ್ನತ್ತೆ ಅಂತ ಎಲ್ಲರೂ ಕೇಳ್ತಾರೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ಉದ್ಯಮ್ ರಿಜಿಸ್ಟ್ರೇಷನ್ ಇರೋ ಮೈಕ್ರೋ, ಸ್ಮಾಲ್ ಉತ್ಪಾದಕರಿಗೆ, ಅಗ್ರಿಮೆಂಟಲ್ಲಿ ಏನೇ ಬರ್ಕೊಂಡಿದ್ರೂ 45 ದಿನದೊಳಗೆ ದುಡ್ಡು ಕೊಡ್ಬೇಕು, ಬರವಣಿಗೆಯಲ್ಲಿ ಏನೂ ಇಲ್ದಿದ್ರೆ 15 ದಿನ. ತಡ ಆದ್ರೆ ಆರ್‌ಬಿಐ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಇನ್ನೊಂದು ವಿಷಯ ಗಮನಿಸಿ, ಅಲ್ಲಿ ದಿನ ಎಣಿಸೋದು ಜಿಆರ್‌ಎನ್ ಇಂದ ಅಲ್ಲ: ಮಾಲು ತಲುಪಿ 15 ದಿನದೊಳಗೆ ಕಸ್ಟಮರ್ ಬರವಣಿಗೆಯಲ್ಲಿ ತಕರಾರು ಎತ್ತದಿದ್ರೆ ತಲುಪಿದ ದಿನಾನೇ ಒಪ್ಪಿಕೊಂಡ ದಿನ. ಅದಕ್ಕೇ ಗೇಟ್ ಸೀಲ್ ಬಿದ್ದ ಕಾಪಿ ಬಿಸಾಕಬೇಡಿ, ಬಿಲ್ ಮೇಲೆ ಉದ್ಯಮ್ ನಂಬರ್ ಪ್ರಿಂಟ್ ಮಾಡಿಸಿ.

ಆದ್ರೆ ಇದ್ದ ಒಬ್ಬ ದೊಡ್ಡ ಕಸ್ಟಮರ್ ಮೇಲೆ ಕೇಸ್ ಹಾಕೋ ಸಪ್ಲೈಯರ್ ಎಷ್ಟು ಜನ ಇದಾರೆ ಹೇಳಿ. 2023ರಲ್ಲಿ ಇನ್‌ಕಮ್ ಟ್ಯಾಕ್ಸಲ್ಲಿ 43ಬಿ(ಎಚ್) ತಂದ್ಮೇಲೆ ಸ್ವಲ್ಪ ಬಿಸಿ ತಟ್ಟಿದ್ದು ನಿಜ, ಆ ಗಡುವು ಮೀರಿದ ಬಾಕಿಯನ್ನ ಕಸ್ಟಮರ್ ನಿಜವಾಗಿ ಕೊಟ್ಟ ವರ್ಷವೇ ಖರ್ಚು ಅಂತ ತೋರಿಸ್ಬೇಕು. ಆದ್ರೆ ತಡ ಆದ್ರೂ ಅದೇ ಹಣಕಾಸು ವರ್ಷದೊಳಗೆ ಕೊಟ್ಟುಬಿಟ್ರೆ ಅವ್ರಿಗೆ ನಷ್ಟ ಇಲ್ಲ. ಹಾಗಾಗಿ ಮಾರ್ಚಲ್ಲಿ ಅವ್ರೇ ಫೋನ್ ಮಾಡಿ ಬಾಕಿ ಎಷ್ಟು ಅಂತ ಕೇಳ್ತಾರೆ, ಜುಲೈಯಲ್ಲಿ ಯಾರೂ ಕೇಳಲ್ಲ.

ಮಧ್ಯದ ದಾರಿ ಅಂದ್ರೆ ಟ್ರೆಡ್ಸ್, ಬಾಕಿ ಬಿಲ್ ಮೇಲೆ ಮುಂಚೆನೇ ದುಡ್ಡು ಕೊಡಿಸೋ ಆನ್‌ಲೈನ್ ಪ್ಲಾಟ್‌ಫಾರ್ಮ್. ಕಸ್ಟಮರ್ ಪ್ಲಾಟ್‌ಫಾರ್ಮಲ್ಲಿ ಬಿಲ್ ಒಪ್ಕೊಂಡ್ರೆ ಬ್ಯಾಂಕುಗಳು ಬಿಡ್ ಮಾಡಿ ಬಡ್ಡಿ ಹಿಡ್ಕೊಂಡು ನಮಗೆ ದುಡ್ಡು ಹಾಕ್ತಾರೆ, ಡ್ಯೂ ದಿನ ಕಸ್ಟಮರಿಂದ ವಸೂಲು ಮಾಡ್ತಾರೆ, ಅವ್ರು ಕೊಡದಿದ್ರೂ ನಮ್ಮ ಕುತ್ತಿಗೆಗೆ ಬರಲ್ಲ. ಬಡ್ಡಿನೂ ಕಸ್ಟಮರ್‌ನ ರೇಟಿಂಗ್ ನೋಡಿ ಹಾಕೋದ್ರಿಂದ ನಮ್ಮ ಸಿಸಿಗಿಂತ ಕಮ್ಮಿ ಬೀಳಬಹುದು. ಅಡಚಣೆ ಒಂದೇ, ಕಸ್ಟಮರ್ ಅಲ್ಲಿ ಸೇರಿ ಬಿಲ್ ಒಪ್ಪಬೇಕು.

ಇವ್ರ ಕಸ್ಟಮರ್ 45 ದಿನಕ್ಕೆ ಒಪ್ಪಲಿಲ್ಲ, ಟ್ರೆಡ್ಸ್ ಬಗ್ಗೆ ನೋಡೋಣ ಅಂದಿದಾರೆ. 60 ಹಾಗೇ ಇದೆ, ಆದ್ರೆ ಅದ್ರ ಮೇಲಿನ 22 ಈಗ 8ಕ್ಕೆ ಇಳಿದಿದೆ. ದಿನಕ್ಕೆ 60 ಸಾವಿರದ ಲೆಕ್ಕದಲ್ಲಿ 14 ದಿನಕ್ಕೆ 8.4 ಲಕ್ಷ ವಾಪಸ್ ಬಂತು, ಅದ್ರಲ್ಲಿ ಗೋಲ್ಡ್ ಲೋನ್ ಮೊದಲು ಮುಗಿಸಿದ್ರು. ಆ ಹೊಸ ಪಾರ್ಟ್‌ಗೂ ಓನರ್ ಹೂಂ ಅಂದಿದಾರೆ, ಮೊದಲು ತಿಂಗಳಿಗೆ 4 ಲಕ್ಷದ ಶೆಡ್ಯೂಲಿಗೆ ಮಾತ್ರ, ಸ್ಟೀಲ್ ಕಸ್ಟಮರೇ ಕಳಿಸ್ಬೇಕು ನಾವು ಮಷಿನಿಂಗ್ ಮಾತ್ರ ಮಾಡ್ತೀವಿ ಅನ್ನೋ ಷರತ್ತು ಹಾಕಿ. ಪರ್ಚೇಸ್‌ನವ್ರು ಒಂದು ವಾರ ಟೈಮ್ ಕೇಳಿದಾರೆ.