ಪದ ಆಡುಮಾತಿನದಿರಲಿ, ಕ್ರಿಯಾಪದದ ಕೊನೆ ಪೂರ್ತಿಯಾಗಿರಲಿ

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಪತ್ತಿನ ಸಹಕಾರಿ ಸಂಘದವರು ಸದಸ್ಯರಿಗೆ ಹಾಕುವ ನೋಟಿಸನ್ನು ತಿದ್ದಲು ಕೊಟ್ಟಿದ್ದರು. ಅದು ಹೀಗಿತ್ತು:

‘ಸದಸ್ಯರು ತಮ್ಮ ಆಧಾರ್ ಮತ್ತು ಪ್ಯಾನ್ ಕಾರ್ಡಿನ ಪ್ರತಿಗಳನ್ನು ಸಲ್ಲಿಸತಕ್ಕದ್ದು. ಜಾಸ್ತಿ ಲೇಟ್ ಮಾಡ್ಬೇಡಿ. ತಪ್ಪಿದಲ್ಲಿ ಖಾತೆಯ ವ್ಯವಹಾರವನ್ನು ಸ್ಥಗಿತಗೊಳಿಸಲಾಗುವುದು, ಆಮೇಲೆ ದುಡ್ಡು ತೆಗಿಯೋಕಾಗಲ್ಲ. ಹೆಚ್ಚಿನ ಮಾಹಿತಿಗೆ ಕಚೇರಿಯಲ್ಲಿ ಚೌಕಶಿ ಮಾಡಿರಿ.’

ಬರೆದವರ ಮನಸ್ಸು ಒಳ್ಳೆಯದೇ. ಸಲ್ಲಿಸತಕ್ಕದ್ದು ಅಂದರೆ ಜನಕ್ಕೆ ಅರ್ಥವಾಗಲಿಕ್ಕಿಲ್ಲ ಅಂತ ನಡುವೆ ಮನೆಮಾತು ಸೇರಿಸಿದ್ದಾರೆ. ಆದರೆ ಓದುವವರಿಗೆ ಇಬ್ಬರು ಮಾತಾಡಿದ ಹಾಗೆ ಕೇಳುತ್ತದೆ. ಒಬ್ಬರು ಅಪ್ಪಣೆ ಕೊಡುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಅದನ್ನು ಬಿಡಿಸಿ ಹೇಳುತ್ತಾರೆ.

ಇಂಥದ್ದನ್ನು ತಿದ್ದುವಾಗ ನಾನು ಪದಗಳನ್ನು ಬೇರೆ, ಕ್ರಿಯಾಪದದ ಕೊನೆಯನ್ನು ಬೇರೆ ಇಟ್ಟು ನೋಡುತ್ತೇನೆ. ‘ಜಾಸ್ತಿ’, ‘ದುಡ್ಡು’, ‘ಆಮೇಲೆ’ ಇವೆಲ್ಲ ಆಡುಮಾತಿನ ಪದಗಳೇ. ಆದರೆ ಉಡುಪಿಯವರೂ ಧಾರವಾಡದವರೂ ಮೈಸೂರಿನವರೂ ಇವನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ. ಬರವಣಿಗೆಯಲ್ಲಿ ಬಂದರೆ ಯಾರಿಗೂ ತೊಂದರೆ ಇಲ್ಲ.

ಕೊನೆಗಳು ಹಾಗಲ್ಲ. ಮೈಸೂರಿನವರು ‘ಆಗಲ್ಲ’ ಅನ್ನುತ್ತಾರೆ. ಧಾರವಾಡದವರು ‘ಆಗಂಗಿಲ್ಲ’ ಅನ್ನುತ್ತಾರೆ. ಕರಾವಳಿಯವರ ಬಾಯಲ್ಲಿ ಅದು ‘ಆಗುದಿಲ್ಲ’. ಊರಲ್ಲಿದ್ದರೆ ಓದುವವರೆಲ್ಲ ಹೆಚ್ಚುಕಡಿಮೆ ಒಂದೇ ಕಡೆಯವರು, ನಡೆದುಹೋಗುತ್ತದೆ. ಮುಂಬೈಯಲ್ಲಿ ಒಂದೇ ನೋಟಿಸಿನ ಮುಂದೆ ಈ ಮೂವರೂ ನಿಲ್ಲುತ್ತಾರೆ. ಜೊತೆಗೆ ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡಿ, ಕನ್ನಡವನ್ನು ಶಾಲೆಯಲ್ಲಿ, ಪುಸ್ತಕದಲ್ಲಿ ಕಲಿತವರೂ ಇರುತ್ತಾರೆ. ‘ತೆಗಿಯೋಕಾಗಲ್ಲ’ ಅಂತ ಬರೆದರೆ ಒಂದು ಕಡೆಯವರಿಗೆ ಹತ್ತಿರ, ಉಳಿದವರಿಗೆ ದೂರ. ‘ತೆಗೆಯಲು ಆಗುವುದಿಲ್ಲ’ ಅನ್ನುವುದು ಯಾರ ಮನೆಮಾತೂ ಅಲ್ಲ. ಅದಕ್ಕೇ ಅದು ಎಲ್ಲರಿಗೂ ಸಲ್ಲುತ್ತದೆ, ಅಲ್ವಾ?

ಇನ್ನು ‘ಚೌಕಶಿ’. ಮರಾಠಿಯಲ್ಲಿ ಅದು ವಿಚಾರಣೆ. ಇಲ್ಲಿ ಅದನ್ನು ದಿನವೂ ಕೇಳಿ ನಮ್ಮ ಬಾಯಿಗೂ ಬಂದಿದೆ. ಆದರೆ ಕನ್ನಡದಲ್ಲಿ ‘ಚೌಕಾಶಿ’ ಅಂದರೆ ತರಕಾರಿಯವನ ಹತ್ತಿರ ರೇಟು ಇಳಿಸುವುದು. ಹೊಸದಾಗಿ ಊರಿಂದ ಬಂದವರು ಕಚೇರಿಯಲ್ಲಿ ಯಾತರ ಚೌಕಾಶಿ ಅಂತ ಕೇಳಿಯಾರು. ಇಲ್ಲಿ ಆಡುಮಾತಿನ ಪದವೇ ತೊಡಕು, ಏಕೆಂದರೆ ಅದರ ಅರ್ಥ ಎಲ್ಲರಿಗೂ ಒಂದೇ ಅಲ್ಲ.

ತಿದ್ದಿದ ಮೇಲೆ ನೋಟಿಸು ಹೀಗಾಯಿತು:

‘ನಿಮ್ಮ ಆಧಾರ್ ಮತ್ತು ಪ್ಯಾನ್ ಕಾರ್ಡಿನ ಝೆರಾಕ್ಸ್ ಪ್ರತಿಯನ್ನು ಈ ತಿಂಗಳ 25ರೊಳಗೆ ಕಚೇರಿಗೆ ತಂದು ಕೊಡಿ. ತಡವಾದರೆ ನಿಮ್ಮ ಖಾತೆಯಿಂದ ದುಡ್ಡು ತೆಗೆಯಲು ಆಗುವುದಿಲ್ಲ. ಏನಾದರೂ ಗೊತ್ತಾಗದಿದ್ದರೆ ಕೌಂಟರಿನಲ್ಲಿ ಕೇಳಿ.’

‘ಜಾಸ್ತಿ’ಯನ್ನು ತೆಗೆದದ್ದು ಅದು ಆಡುಮಾತು ಅಂತ ಅಲ್ಲ. ಎಷ್ಟು ತಡವಾದರೆ ಜಾಸ್ತಿ ಅಂತ ಓದುವವರಿಗೆ ಗೊತ್ತಾಗುವುದಿಲ್ಲ. ತಾರೀಕು ಕೇಳಿ ಹಾಕಿದೆ. ‘ದುಡ್ಡು’ ನಾನು ಹಾಗೇ ಉಳಿಸಿದ್ದೆ. ಕಾರ್ಯದರ್ಶಿಯವರು ‘ಹಣ’ ಅಂತ ಮಾಡಿ ಅಂದರು, ಅದೂ ಸರಿಯೇ, ಅಲ್ಲಿ ನಾನು ಹಟ ಮಾಡಲಿಲ್ಲ. ‘ಸ್ಥಗಿತಗೊಳಿಸಲಾಗುವುದು’ ಮಾತ್ರ ಬೇಡವೇ ಬೇಡ ಅಂದೆ. ಇಲ್ಲಿ ಮರಾಠಿ, ಇಂಗ್ಲಿಷ್ ಶಾಲೆಗಳಲ್ಲಿ ಓದಿದ ಮಕ್ಕಳು ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಾರೆ. ಆ ಪದದ ಕೊನೆ ಮುಟ್ಟುವ ಹೊತ್ತಿಗೆ ಮೊದಲಿನದು ಮರೆತಿರುತ್ತದೆ. ನಿಲ್ಲಿಸುವವರು ಯಾರು ಅಂತಲೂ ಅದು ಹೇಳುವುದಿಲ್ಲ.

ಹಾಗಂತ ಇದೇ ಭಾಷೆ ಎಲ್ಲ ಕಡೆಗೂ ಅಲ್ಲ. ಅದೇ ಸಂಘದ ಠರಾವು ಪುಸ್ತಕದಲ್ಲಿ ‘ತೀರ್ಮಾನಿಸಲಾಯಿತು’ ಇರಲಿ. ಅಲ್ಲಿ ತೀರ್ಮಾನ ಸಭೆಯದು, ಒಬ್ಬರದಲ್ಲ, ಮುಂದೆ ಆಡಿಟರು ಹುಡುಕುವುದೂ ಆ ಪದವನ್ನೇ. ಇನ್ನು ಗುಮಾಸ್ತರು ಪರಿಚಯದವರಿಗೆ ವಾಟ್ಸಾಪಿನಲ್ಲಿ ‘25ರೊಳಗೆ ಕೊಟ್ಬಿಡ್ರಿ’ ಅಂತ ಹಾಕಿದರೆ ಅದನ್ನು ತಿದ್ದಬೇಕಾಗಿಲ್ಲ. ಅಲ್ಲಿ ಮಾತು ಯಾರದು ಅಂತ ಓದುವವರಿಗೆ ಗೊತ್ತಿದೆ.

ನೋಟಿಸು ಅಚ್ಚಿಗೆ ಹೋಗುವ ಮೊದಲು ನಾನು ಇಬ್ಬರಿಂದ ಗಟ್ಟಿಯಾಗಿ ಓದಿಸುತ್ತೇನೆ. ಒಬ್ಬರು ಕರಾವಳಿಯವರು, ಒಬ್ಬರು ಬಿಜಾಪುರದ ಕಡೆಯವರು. ಓದುವವರು ಯಾವ ಪದದ ಹತ್ತಿರ ತಡೆಯುತ್ತಾರೋ, ಅಥವಾ ಬರೆದದ್ದನ್ನು ಬಿಟ್ಟು ತಮ್ಮದೇ ಪದ ಹಾಕಿ ಓದುತ್ತಾರೋ, ಅಲ್ಲಿ ಗುರುತು ಹಾಕುತ್ತೇನೆ. ಇಬ್ಬರೂ ಒಂದೇ ಕಡೆ ನಿಂತರೆ ಆ ಪದ ಹೋಗಬೇಕು.

ಒಬ್ಬರು ಆಡಿದ ಮಾತನ್ನೇ ಬರೆದಿರುವ ಕಡೆಯೂ ಕೊನೆಗಳನ್ನು ಮುಟ್ಟುವುದಿಲ್ಲ. ಸ್ಮರಣ ಸಂಚಿಕೆಗೆ ಒಬ್ಬರು ತೀರಿಕೊಂಡ ತಾಯಿಯ ಬಗ್ಗೆ ಬರೆದಿದ್ದರು. ಪಾಳಿ ಮುಗಿಸಿ ರಾತ್ರಿ ಎಷ್ಟೊತ್ತಿಗೆ ಬಂದರೂ ಅವ್ವ ಕೇಳುತ್ತಿದ್ದದ್ದು ಒಂದೇ ಮಾತಂತೆ, ‘ಉಂಡಿಯೇನಪಾ?’ ನನಗಿಂತ ಮೊದಲು ಕರಡು ನೋಡಿದವರು ಅದನ್ನು ‘ಊಟ ಮಾಡಿದೆಯಾ ಎಂದು ವಿಚಾರಿಸುತ್ತಿದ್ದರು’ ಅಂತ ತಿದ್ದಿದ್ದರು. ನಾನು ಅದನ್ನು ಹೊಡೆದು ಹಾಕಿ ಅವ್ವನ ಮಾತನ್ನು ಇದ್ದ ಹಾಗೇ ಮತ್ತೆ ಬರೆದೆ.